ಬಿಯರ್ ಬೇಡ, ವಿಸ್ಕಿಗೆ ಅಡ್ಡಿಯಿಲ್ಲ: ಏನಿದು ಲೆಕ್ಕ?

ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳು ಹಾಳಾಗುವ ಸೀಲಿಯಾಕ್ ಕಾಯಿಲೆ ಇದೆ, ಗೋಧಿ ಮುಟ್ಟಬೇಡಿ ಎಂದು ಡಾಕ್ಟರು ಹೇಳಿದರೆ ವಿಜಯಪುರದವರು ಊಟಕ್ಕೆ ಅಷ್ಟೇನೂ ಕಂಗಾಲಾಗಬೇಕಿಲ್ಲ. ಬಿಳಿಜೋಳದ ರೊಟ್ಟಿಯಲ್ಲಿ ಗ್ಲುಟೆನ್ ಇಲ್ಲ. ಆದರೆ ಚಪಾತಿ ಬಿಟ್ಟವರು ಬಿಯರ್ ಬಿಡಲು ಮರೆಯುತ್ತಾರೆ. ಕುಡಿಯುವುದರಲ್ಲಿ ಹಿಟ್ಟೆಲ್ಲಿಂದ ಬರಬೇಕು ಅಂತ.

ಬರುವುದು ಬಾರ್ಲಿಯಿಂದ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ಅದನ್ನು ಬಿಸಿನೀರಿಗೆ ಹಾಕಿ, ಸಿಹಿರಸ ತೆಗೆದು ಯೀಸ್ಟ್ ಬೆರೆಸುತ್ತಾರೆ. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರ ಮಾಡುತ್ತದೆ, ಆದರೆ ಗ್ಲುಟೆನ್ ಬಳಗಕ್ಕೆ ಸೇರಿದ ಬಾರ್ಲಿ ಪ್ರೋಟೀನನ್ನು ಪೂರ್ತಿ ತೆಗೆಯುವುದಿಲ್ಲ. ಸೋಸಿದರೂ ಅದರ ಒಂದಿಷ್ಟು ಚೂರುಗಳು ಬಿಯರ್‌ನಲ್ಲಿ ಕರಗಿಯೇ ಇರುತ್ತವೆ. ಗೋಧಿ ಬಿಯರಂತೂ ಇನ್ನೂ ಕೆಟ್ಟದ್ದು.

ಮಾಲ್ಟ್ ವಿಸ್ಕಿಗೂ ಅದೇ ಬಾರ್ಲಿ. ಆದರೆ ಅದನ್ನು ಭಟ್ಟಿ ಇಳಿಸುತ್ತಾರೆ. ಕಾಸಿದಾಗ ಮದ್ಯಸಾರ ಆವಿಯಾಗಿ ಮೇಲೇರುತ್ತದೆ. ಪ್ರೋಟೀನ್ ಆವಿಯಾಗದೆ ಹಂಡೆಯಲ್ಲೇ ಉಳಿಯುತ್ತದೆ. ನಮ್ಮ ಅಗ್ಗದ ವಿಸ್ಕಿಯಲ್ಲಂತೂ ಬಹಳಷ್ಟು ಕಾಕಂಬಿಯ ಸ್ಪಿರಿಟ್ಟೇ ಇರುತ್ತದೆ. ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳ ಕಾಕಂಬಿಯೂ ಡಿಸ್ಟಿಲರಿಗೆ ಹೋಗುತ್ತದೆ. ರಮ್ಮಿಗೂ ಮೂಲ ಅದೇ. ಭಟ್ಟಿಯ ನಂತರ ಬೆರೆಸುವ ರುಚಿ-ಬಣ್ಣಗಳ ಬಗ್ಗೆ ಮಾತ್ರ ಲೇಬಲ್ ಓದಬೇಕು.

‘ಗ್ಲುಟೆನ್ ಕಡಿಮೆ ಮಾಡಿದ’ ಬಿಯರ್ ಬೇರೆ ಕಥೆ. ಬಾರ್ಲಿಯ ಬಿಯರಿಗೇ ಒಂದು ಕಿಣ್ವ ಹಾಕಿ ಪ್ರೋಟೀನನ್ನು ತುಂಡರಿಸುತ್ತಾರೆ. ತೊಡಕಿರುವುದು ಉಳಿದ ಗ್ಲುಟೆನ್ ಅಳೆಯುವ ಪರೀಕ್ಷೆಯಲ್ಲಿ. ಸಾಮಾನ್ಯ ಪರೀಕ್ಷೆಗೆ ಒಂದೇ ತುಂಡಿನಲ್ಲಿ ಎರಡು ಕಡೆ ಹಿಡಿತ ಸಿಗಬೇಕು. ಸಣ್ಣ ತುಂಡಿಗೆ ಅಷ್ಟು ಉದ್ದ ಇರುವುದಿಲ್ಲ, ಹಾಗಾಗಿ ಅದು ಲೆಕ್ಕಕ್ಕೆ ಸಿಗದೆ ನುಣುಚಿಕೊಳ್ಳುತ್ತದೆ. ಒಂದೇ ಹಿಡಿತ ಸಾಕೆನ್ನುವ ಇನ್ನೊಂದು ಪರೀಕ್ಷೆ ಇದೆ, ಆದರೆ ಉಳಿದ ತುಂಡು ಕರುಳಿಗೆ ಕೇಡೋ ಅಲ್ಲವೋ ಎಂದು ಅದೂ ಹೇಳದು. ಸೀಲಿಯಾಕ್ ಇದ್ದವರಿಗೆ ನಾನಂತೂ ಇದನ್ನು ಸೂಚಿಸಲಾರೆ.

ಗ್ಲುಟೆನ್ ಮುಕ್ತ ಎನ್ನಲು ಮಿತಿ ಕಿಲೋಗೆ 20 ಮಿಲಿಗ್ರಾಂ. ಬಿಯರ್ ಸರಿಯಾಗಿ ಆ ಮಿತಿಯಲ್ಲೇ ಇದೆ ಎಂದುಕೊಂಡರೂ 650 ಮಿಲಿಯ ಒಂದು ಬಾಟಲಿಯಲ್ಲಿ ಸುಮಾರು 13 ಮಿಲಿಗ್ರಾಂ ಆಯಿತು, ಎರಡರಲ್ಲಿ 26. ದಿನಕ್ಕೆ 50 ಮಿಲಿಗ್ರಾಂನಂತೆ ಮೂರು ತಿಂಗಳು ಕೊಟ್ಟಾಗ ಕರುಳಿಗೆ ಪೆಟ್ಟಾದದ್ದು ಪ್ರಯೋಗದಲ್ಲಿ ಕಂಡಿದೆ. ಸಾದಾ ಬಿಯರ್ ಈ ಮಿತಿಯೊಳಗಿರುತ್ತದೆ ಎಂಬ ಖಾತ್ರಿಯೂ ಇಲ್ಲ. ಹೊಟ್ಟೆ ಉಬ್ಬರಿಸಲಿಲ್ಲ ಎಂದು ಧೈರ್ಯ ಮಾಡಬೇಡಿ; ನೋವಿಲ್ಲದೆಯೂ ಕರುಳು ಹಾಳಾಗಬಹುದು.

ದ್ರಾಕ್ಷಿಯ ವೈನ್ ಸರಿಹೋಗುತ್ತದೆ. ಜೋಳದಿಂದಲೂ ಬಿಯರ್ ಆಗುತ್ತದೆ, ಆಫ್ರಿಕಾದಲ್ಲಿ ಅದು ಹಳೆಯ ರೂಢಿ. ಆದರೆ ಜೋಳದ ಪಿಷ್ಟ ಬೇಯಲು ಬಾರ್ಲಿಗಿಂತ ಹೆಚ್ಚು ಕಾವು ಬೇಕು, ಅಷ್ಟು ಕಾವಿಗೆ ಪಿಷ್ಟವನ್ನು ಸಕ್ಕರೆಯಾಗಿಸುವ ಮಾಲ್ಟಿನ ಕಿಣ್ವಗಳು ಸಾಯುತ್ತವೆ. ಅದಕ್ಕೇ ಜೋಳವನ್ನು ಮೊದಲು ಬೇಯಿಸಿ, ಆರಿಸಿ, ಆಮೇಲೆ ಕಿಣ್ವ ಸೇರಿಸಬೇಕಾಗುತ್ತದೆ.

ಕುಡಿಯದವರೂ ಎರಡು ಡಬ್ಬಿ ತಿರುಗಿಸಿ ನೋಡಬೇಕು. ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳಲ್ಲಿ ಸಾಮಾನ್ಯವಾಗಿ ಬಾರ್ಲಿ, ಗೋಧಿ ಎರಡೂ ಇರುತ್ತವೆ. ಮಸಾಲೆ ಮಜ್ಜಿಗೆಗೆ ಹಾಕುವ ಇಂಗಿನ ಪುಡಿಯಲ್ಲಿ ಎಷ್ಟೋ ಸಲ ಗೋಧಿ ಹಿಟ್ಟು ಬೆರೆತಿರುತ್ತದೆ. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಅಂಗಡಿಯಲ್ಲಿ ಸಿಗುತ್ತದೆ, ಕೇಳಿ ತನ್ನಿ.