ಗಿಡ್ಡ ಸರಳು ಪೂರ್ತಿ 0.6 ಮಿ.ಮೀ. ಹಿಗ್ಗುವುದಿಲ್ಲ ಯಾಕೆ?

ಪ್ರಶ್ನೆ: ಸರ್, ಮೂರು ಉಕ್ಕಿನ ಸರಳುಗಳ ಲೆಕ್ಕದಲ್ಲಿ ನಡುವಿನದು 0.6 ಮಿ.ಮೀ. ಗಿಡ್ಡ. ಬಲವಂತವಾಗಿ ಜೋಡಿಸಿದರೆ ಅದು 0.6 ಮಿ.ಮೀ. ಹಿಗ್ಗಲೇಬೇಕು. ಉದ್ದ 1 ಮೀಟರ್, ಉಕ್ಕಿನ ಯಂಗ್ಸ್ ಮಾಡ್ಯುಲಸ್ 200 ಜಿಪಿಎ, ಹಾಗಾಗಿ ಸ್ಟ್ರೆಸ್ 120 ಎಂಪಿಎ. ಆದರೆ ಉತ್ತರ 80 ಅಂತ ಕೊಟ್ಟಿದ್ದಾರೆ. ಅಚ್ಚಿನ ತಪ್ಪಾ?

ಉತ್ತರ: ಅಚ್ಚಿನ ತಪ್ಪಲ್ಲ. ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ 120 ಅಂತಲೇ ಬರುತ್ತದೆ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲ. ಹಾಗಾಗಿ ಈ ಸಲ ಬುಡದಿಂದಲೇ ನೋಡೋಣ.

ಮೇಲೆ ಅಲುಗಾಡದ ತೊಲೆ. ಅದರಿಂದ ಮೂರು ಸರಳು ನೇತಾಡುತ್ತಿವೆ. ಒಂದೊಂದರ ಅಡ್ಡಕೊಯ್ತ 500 ಚದರ ಮಿ.ಮೀ., ಅಂದರೆ ಸುಮಾರು 25 ಮಿ.ಮೀ. ದಪ್ಪ. ಅಕ್ಕಪಕ್ಕದ ಎರಡು ಸರಳಿನ ತುದಿಗೆ ಒಂದು ಗಟ್ಟಿ ಪ್ಲೇಟು ಕೂತಿದೆ. ನಡುವಿನ ಸರಳಿನ ತುದಿ ಮಾತ್ರ ಪ್ಲೇಟಿಗಿಂತ 0.6 ಮಿ.ಮೀ. ಮೇಲೆ ನಿಂತಿದೆ. ಅದನ್ನು ಜಗ್ಗಿ ಪ್ಲೇಟಿಗೆ ಬಿಗಿದು, ಜಗ್ಗಿದ ಕೈ ಬಿಟ್ಟೆವು.

ನೀವು ಹೇಳಿದಂತೆ ಅದು 0.6 ಹಿಗ್ಗಿ ನಿಂತಿತು ಅನ್ನೋಣ. 120 ಎಂಪಿಎ ಅಂದರೆ 60 ಕಿಲೋ ನ್ಯೂಟನ್ ಎಳೆತ. ನಡುವಿನ ಸರಳು ಪ್ಲೇಟನ್ನು ಅಷ್ಟು ಜೋರಾಗಿ ಮೇಲಕ್ಕೆ ಎಳೆಯುತ್ತಿದೆ. ಪ್ಲೇಟಿನ ಕೆಳಗೆ ಏನಿದೆ? ಏನೂ ಇಲ್ಲ. ಹಾಗಾದರೆ ಪ್ಲೇಟನ್ನು ಮೇಲೆ ಹೋಗದಂತೆ ತಡೆಯುತ್ತಿರುವವರು ಯಾರು? ಪಕ್ಕದ ಎರಡು ಸರಳುಗಳೇ, ಬೇರೆ ಯಾರೂ ಇಲ್ಲ ಅಲ್ವಾ? ತಲಾ 30 ಕಿಲೋ ನ್ಯೂಟನ್‌ನಿಂದ ಅವು ಪ್ಲೇಟನ್ನು ಕೆಳಕ್ಕೆ ತಳ್ಳಬೇಕು. ತಳ್ಳುವ ಸರಳು ತಾನೂ ಕುಗ್ಗುತ್ತದೆ. ಅವೂ ಉಕ್ಕೇ, ಬಂಡೆಯಲ್ಲ. ಅವು ಕುಗ್ಗಿದ ಕೂಡಲೇ ಪ್ಲೇಟು ಮೇಲೆ ಬರುತ್ತದೆ. ಪ್ಲೇಟು ಮೇಲೆ ಬಂದರೆ ನಡುವಿನ ಸರಳು 0.6 ಹಿಗ್ಗುವ ಅಗತ್ಯವೇ ಉಳಿಯುವುದಿಲ್ಲ. ನಿಮ್ಮ 120 ಅಲ್ಲೇ ಬಿದ್ದುಹೋಯಿತು.

ಅಂದರೆ 0.6 ಅನ್ನುವುದು ಮೂರೂ ಸರಳುಗಳು ಸೇರಿ ತುಂಬಬೇಕಾದ ಸಂದು. ನಡುವಿನದರ ಹಿಗ್ಗು, ಪಕ್ಕದವುಗಳ ಕುಗ್ಗು, ಎರಡೂ ಕೂಡಿದರೆ 0.6 ಆಗಬೇಕು. ನಡುವೆ ಇರುವ ಬಲ ಪಕ್ಕದ ಎರಡಕ್ಕೆ ಅರ್ಧರ್ಧ ಹಂಚಿಹೋಗುತ್ತದೆ. ದಪ್ಪ, ಉದ್ದ, ಲೋಹ ಎಲ್ಲ ಒಂದೇ ಆದ್ದರಿಂದ ಕುಗ್ಗು ಹಿಗ್ಗಿನ ಅರ್ಧ. ಹಾಗಾಗಿ ಹಿಗ್ಗು 0.4, ಕುಗ್ಗು 0.2. ನಡುವೆ 80 ಎಂಪಿಎ ಟೆನ್ಶನ್, ಪಕ್ಕದಲ್ಲಿ 40 ಎಂಪಿಎ ಕಂಪ್ರೆಷನ್. ಬಲ ನೋಡಿದರೆ ಮೇಲಕ್ಕೆ 40 ಕಿಲೋ ನ್ಯೂಟನ್, ಕೆಳಕ್ಕೆ 20 ಮತ್ತು 20. ಹೊರಗಿನಿಂದ ಒಂದು ಕಿಲೋ ಭಾರವನ್ನೂ ಹಾಕಿಲ್ಲ, ಆದರೂ ನಡುವಿನ ಸರಳಿನಲ್ಲಿ ಸುಮಾರು 4 ಟನ್ ಎಳೆತ ಕೂತಿದೆ.

120 ಬರುವುದು ಯಾವಾಗ? ಪ್ಲೇಟು ಒಂಚೂರೂ ಅಲುಗದಿದ್ದಾಗ ಮಾತ್ರ. ಪಕ್ಕದ ಸರಳು ದಪ್ಪವಾದಷ್ಟೂ ಉತ್ತರ 120ರ ಹತ್ತಿರ ಹೋಗುತ್ತದೆ, ತೆಳುವಾದಷ್ಟೂ ಸೊನ್ನೆಯ ಕಡೆ ಇಳಿಯುತ್ತದೆ. "ಹಾಗಾದರೆ ನಡುವಿನದನ್ನೇ ದಪ್ಪ ಮಾಡಿದರೆ ಆಯ್ತಲ್ಲ" ಅನ್ನುವವರಿದ್ದಾರೆ. ಮಾಡಿ ನೋಡಿ. ಅದರ ಅಡ್ಡಕೊಯ್ತ ಎರಡರಷ್ಟಾದರೆ ಅದರ ಸ್ಟ್ರೆಸ್ 80ರಿಂದ 60ಕ್ಕೆ ಇಳಿಯುತ್ತದೆ. ಪಕ್ಕದವುಗಳದ್ದು 40ರಿಂದ 60ಕ್ಕೆ ಏರುತ್ತದೆ. ಮೂರನ್ನೂ ಒಂದೇ ಪ್ರಮಾಣದಲ್ಲಿ ದಪ್ಪ ಮಾಡಿದರೆ ಸ್ಟ್ರೆಸ್ ಏನೂ ಬದಲಾಗುವುದಿಲ್ಲ, ಬಲ ಮಾತ್ರ ಜಾಸ್ತಿಯಾಗುತ್ತದೆ.

ಇಲ್ಲಿಗೆ ನಿಮ್ಮ ಪ್ರಶ್ನೆ ಮುಗಿಯಿತು. ಆದರೆ ಇದರ ಮುಂದಿನ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನನಗೆ ಅದೇ ಹೆಚ್ಚು ಇಷ್ಟ. ಹೀಗೆ ಜೋಡಿಸಿದ ಚೌಕಟ್ಟು ಕಡಿಮೆ ಭಾರಕ್ಕೇ ಬಿದ್ದುಹೋಗುತ್ತದಾ?

ಉಕ್ಕು 250 ಎಂಪಿಎಗೆ ಯೀಲ್ಡ್ ಆಗುತ್ತದೆ ಅಂತಿಟ್ಟುಕೊಳ್ಳಿ. ಪ್ಲೇಟಿನ ನಡುವೆ ಭಾರ ನೇತುಹಾಕುತ್ತಾ ಹೋಗೋಣ. ನಡುವಿನ ಸರಳಿನಲ್ಲಿ ಆಗಲೇ 80 ಇದೆ, ಇನ್ನು 170ಕ್ಕೆ ಅದು ಯೀಲ್ಡ್. ಆಗ ಭಾರ 255 ಕಿಲೋ ನ್ಯೂಟನ್. ಅಳತೆ ಸರಿಯಿದ್ದಿದ್ದರೆ 375ರವರೆಗೆ ಯಾವುದೂ ಯೀಲ್ಡ್ ಆಗುತ್ತಿರಲಿಲ್ಲ. ಆದರೆ 255ಕ್ಕೆ ಚೌಕಟ್ಟು ಬೀಳುವುದಿಲ್ಲ. ನಡುವಿನದು 250ರಲ್ಲೇ ನಿಂತು ಹಿಗ್ಗುತ್ತಾ ಹೋಗುತ್ತದೆ. ಪಕ್ಕದವು ಮೈನಸ್ 40ರಿಂದ ಹೊರಟು ಈಗ 130ರಲ್ಲಿವೆ. ಅವಕ್ಕೆ ಇನ್ನೂ 120 ಎಂಪಿಎ ಜಾಗ ಇದೆ. ಎರಡೂ ಸೇರಿ ಇನ್ನು 120 ಕಿಲೋ ನ್ಯೂಟನ್ ಹೊರುತ್ತವೆ. 255ಕ್ಕೆ 120 ಸೇರಿಸಿ: ಅದೇ 375!

ಇದು ಹಿಗ್ಗಬಲ್ಲ ಉಕ್ಕಿಗೆ ಮಾತ್ರ ಸಲ್ಲುವ ಮಾತು. ಬೀಡುಕಬ್ಬಿಣದ ಸರಳಾಗಿದ್ದರೆ ನಡುವಿನದು ಹಿಗ್ಗುತ್ತಾ ಕಾಯುವುದಿಲ್ಲ, ತನ್ನ ಮಿತಿ ಮುಟ್ಟಿದ ಕೂಡಲೇ ಒಡೆಯುತ್ತದೆ. ಆಗ ಅದು ಹೊತ್ತಿದ್ದ ಭಾರವೆಲ್ಲ ಒಮ್ಮೆಲೇ ಪಕ್ಕದ ಎರಡರ ಮೇಲೆ ಬೀಳುತ್ತದೆ.