ಪೆನ್ನು ಹಿಡಿದಾಗ ಬಿಟ್ಟುಹೋಗುವ ‘ಅಂತೆ’

ನಾನು ನಡೆಸುವುದು ಹೆಚ್ಚಾಗಿ ರಸ್ತೆ ಅಪಘಾತದ ಪರಿಹಾರದ ಕೇಸುಗಳು. ಗಾಯವಾದವರು ಆಸ್ಪತ್ರೆಯಲ್ಲಿ ಮಲಗಿರುತ್ತಾರೆ. ಹಾಗಾಗಿ ಪೊಲೀಸರಿಗೆ ದೂರು ಬರೆದುಕೊಡುವವರು ಅಣ್ಣನೋ ಭಾವನೋ ಆಗಿರುತ್ತಾರೆ. ಅವರು ಅಪಘಾತ ನೋಡಿರುವುದಿಲ್ಲ, ಅದೇನೂ ತಪ್ಪಲ್ಲ. ಆದರೆ ನೋಡಿದವರ ಹಾಗೆ ಬರೆಯುತ್ತಾರಲ್ಲ, ಅಲ್ಲಿಂದ ಕಷ್ಟ ಶುರು.

ಮನೆಯಲ್ಲಿ ನಾವು ಸರಿಯಾಗಿಯೇ ಮಾತಾಡುತ್ತೇವೆ. “ಲಾರಿ ಬಂದು ಗುದ್ದಿತಂತೆ, ಇವನು ಚರಂಡಿಗೆ ಬಿದ್ದನಂತೆ.” ಕಂಡದ್ದಲ್ಲ, ಕೇಳಿದ್ದು ಅಂತ ಆ ‘ಅಂತೆ’ಯೇ ಹೇಳಿಬಿಡುತ್ತದೆ. ಸ್ಟೇಷನ್ನಿನಲ್ಲಿ ಬಿಳಿ ಹಾಳೆ ಕೈಗೆ ಬಂದ ಕೂಡಲೇ ಅದು ಬಿಟ್ಟುಹೋಗುತ್ತದೆ.

ನನ್ನ ಒಬ್ಬ ಕಕ್ಷಿದಾರರದ್ದು ಹೀಗೇ ಆಯಿತು. ಸಂಜೆ ಏಳೂವರೆಗೆ ಕೊಬ್ಬರಿ ಮಂಡಿಯಲ್ಲಿದ್ದಾಗ ಅವರಿಗೆ ಫೋನ್ ಬಂತು. ತಮ್ಮನ ಕಾಲು ಮುರಿದಿತ್ತು. ಎರಡು ದಿನ ಆಸ್ಪತ್ರೆಯಲ್ಲಿ ಓಡಾಡಿ ಆಮೇಲೆ ದೂರು ಕೊಟ್ಟರು. ಅದರಲ್ಲಿ ಬರೆದದ್ದು: “ಲಾರಿಯ ಚಾಲಕನು ಅತಿವೇಗ ಮತ್ತು ಅಜಾಗರೂಕತೆಯಿಂದ ಬಂದು ನನ್ನ ತಮ್ಮನ ಬೈಕಿಗೆ ಹಿಂದಿನಿಂದ ಡಿಕ್ಕಿ ಹೊಡೆಸಿದನು.” ಯಾರು ಹೇಳಿದರು ಅನ್ನುವುದೇ ಇಲ್ಲ.

ಪಾಟೀಸವಾಲಿನಲ್ಲಿ ವಿಮಾ ಕಂಪನಿಯ ವಕೀಲರು ಹೆಚ್ಚೇನೂ ಕೇಳಲಿಲ್ಲ. “ಆಗ ನೀವು ಎಲ್ಲಿದ್ದಿರಿ?” “ಮಂಡಿಯಲ್ಲಿ.” “ಅಲ್ಲಿಂದ ಜಾಗ ಎಷ್ಟು ದೂರ?” “ಹದಿನಾಲ್ಕು ಕಿಲೋಮೀಟರ್.” ಆಮೇಲೆ ಆಸ್ಪತ್ರೆಯ ದಾಖಲೆ ತೆಗೆದರು. ಅದರಲ್ಲಿ “ಬೈಕಿನಿಂದ ಬಿದ್ದು ಗಾಯ” ಅಂತಿತ್ತು. ಡಾಕ್ಟರೂ ಏನನ್ನೂ ನೋಡಿರಲಿಲ್ಲ. ಆಟೋದಲ್ಲಿ ಕರೆತಂದವರು “ಬಿದ್ದ” ಅಂದಿದ್ದರು, ಅವರು ಅದನ್ನೇ ಬರೆದಿದ್ದರು. ಕಂಪನಿಯ ವಾದ ಇಷ್ಟೇ: ಇವರು ತಾನಾಗಿ ಬಿದ್ದದ್ದು, ಪರಿಹಾರಕ್ಕಾಗಿ ಲಾರಿಯನ್ನು ಆಮೇಲೆ ಸೇರಿಸಿದ್ದಾರೆ.

ಲಾರಿ ನಿಜವಾಗಿಯೂ ಗುದ್ದಿತ್ತು. ಅದನ್ನು ನೋಡಿದ್ದ ಎಳನೀರು ಮಾರುವವರೊಬ್ಬರು ಅಣ್ಣನಿಗೆ ಅದೇ ರಾತ್ರಿ ಎಲ್ಲ ಹೇಳಿದ್ದರು. ಅವರ ಹೆಸರನ್ನು ಯಾಕೆ ಬರೆಯಲಿಲ್ಲ ಅಂದೆ. “ಬೇರೆಯವರು ಹೇಳಿದ್ದು ಅಂತ ಬರೆದರೆ ಕೇಸ್ ತಗೊಳ್ಳಲ್ಲ ಅಂದ್ರು ಸಾರ್.”

ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ಇದು ಸರಿಯಲ್ಲ. ದೂರು ಕೊಡುವವರು ಕಣ್ಣಾರೆ ನೋಡಿರಲೇಬೇಕು ಅಂತ ಕಾನೂನು ಕೇಳುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಕೇಳುವುದು ಅಪರಾಧದ ಮಾಹಿತಿಯನ್ನು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 154ನೇ ಕಲಂ ಇದ್ದಾಗಲೂ ಹಾಗೇ ಇತ್ತು. ದೂರು ತನಿಖೆ ಶುರು ಮಾಡುವ ಕಾಗದ. ಗುದ್ದಿದ್ದನ್ನು ಕೋರ್ಟಿನಲ್ಲಿ ಹೇಳಬೇಕಾದವರು ಅದನ್ನು ನೋಡಿದವರು. ನೋಡಿದವರು ಯಾರು ಅಂತ ದೂರಿನಲ್ಲೇ ಇದ್ದರೆ ಪೊಲೀಸರು ನೇರ ಅವರ ಹತ್ತಿರ ಹೋಗುತ್ತಾರೆ. ಇಲ್ಲದಿದ್ದರೆ ಪೂರ್ತಿ ಭಾರ ಮಂಡಿಯಲ್ಲಿದ್ದ ಅಣ್ಣನ ಮೇಲೆ ಬೀಳುತ್ತದೆ.

ಆ ದೂರನ್ನು ಹೀಗೆ ಬರೆಯಬಹುದಿತ್ತು: “ನಾನು ಅಪಘಾತ ನೋಡಿಲ್ಲ. ಸಂಜೆ ಏಳೂವರೆಗೆ ನನಗೆ ಫೋನ್ ಬಂತು. ಎಂಟೂಕಾಲಿಗೆ ಸ್ಥಳಕ್ಕೆ ಹೋದಾಗ ಬೈಕು ಎಡಗಡೆ ಚರಂಡಿಯಲ್ಲಿತ್ತು, ಹಿಂದಿನ ಮಡ್‌ಗಾರ್ಡ್ ನಜ್ಜುಗುಜ್ಜಾಗಿತ್ತು. ಅಲ್ಲೇ ಎಳನೀರು ಮಾರುವ ಇಂಥವರು, ಲಾರಿ ಹಿಂದಿನಿಂದ ಗುದ್ದಿದ್ದನ್ನು ತಾವು ನೋಡಿದ್ದಾಗಿ ನನಗೆ ಹೇಳಿದರು. ಲಾರಿಯ ನಂಬರನ್ನೂ ಅವರೇ ಕೊಟ್ಟರು. ತಮ್ಮನ ಆಪರೇಷನ್ ಇದ್ದದ್ದರಿಂದ ದೂರು ತಡವಾಯಿತು.” ಮಡ್‌ಗಾರ್ಡ್ ಅಣ್ಣ ಸ್ವತಃ ಕಂಡದ್ದು. ಅದನ್ನು ಅವರು ಬರೆದೇ ಇರಲಿಲ್ಲ! ‘ಅತಿವೇಗ’ ಅನ್ನುವುದನ್ನು ಮಾತ್ರ ಬರೆದಿದ್ದರು.

ಹೇಳಿದವರ ಹೆಸರು ಬರೆಯುವ ಮೊದಲೇ ಅವರನ್ನು ಒಂದು ಪ್ರಶ್ನೆ ಕೇಳಿ: “ಮೊದಲು ಕಂಡದ್ದು ಏನು?” ಎಷ್ಟೋ ಜನ “ನಾನೇ ನೋಡಿದೆ” ಅನ್ನುತ್ತಾರೆ. ಬಿಡಿಸಿ ಕೇಳಿದರೆ “ಸದ್ದು ಕೇಳಿ ತಿರುಗಿ ನೋಡಿದೆ” ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಅವರು ಕಂಡದ್ದು ಗುದ್ದಿದ ಮೇಲಿನದ್ದು. ಬೈಕು ಎಲ್ಲಿ ಬಿದ್ದಿತ್ತು, ಲಾರಿ ನಿಂತಿತೋ ಹೋಯಿತೋ, ಇಷ್ಟಕ್ಕೆ ಅವರ ಮಾತು ಗಟ್ಟಿ. ಯಾರು ಯಾವ ಕಡೆಯಿಂದ ಬಂದರು ಅನ್ನುವುದಕ್ಕಲ್ಲ. ನಂಬರನ್ನೂ ಹಾಗೇ ಕೇಳಿ. ಓದಿ ನೆನಪಿಟ್ಟದ್ದೋ, ಫೋಟೋ ತೆಗೆದದ್ದೋ, ಇನ್ನೊಬ್ಬರು ಹೇಳಿದ್ದೋ? ಇಬ್ಬರು ಬೇರೆ ಬೇರೆ ಹೇಳಿದರೆ ಎರಡನ್ನೂ ಬರೆಯಿರಿ. ಯಾವುದು ಸರಿ ಅಂತ ನೀವು ತೀರ್ಮಾನಿಸಬೇಡಿ.

ಎಲ್ಲ ಕೇಸೂ ಇದೊಂದರಿಂದಲೇ ಬೀಳುತ್ತದೆ ಅಂತ ನಾನು ಹೇಳುವುದಿಲ್ಲ. ಪರಿಹಾರದ ಕೇಸಿನಲ್ಲಿ ಕ್ರಿಮಿನಲ್ ಕೇಸಿನಷ್ಟು ಕಟ್ಟುನಿಟ್ಟಾದ ರುಜುವಾತು ಬೇಕಾಗಿಲ್ಲ. ಯಾವುದು ಹೆಚ್ಚು ಸಂಭವ ಅಂತ ನೋಡುತ್ತಾರೆ. ನಮ್ಮ ಕೇಸಿನಲ್ಲೂ ಎಳನೀರಿನವರು ಬಂದು ಸಾಕ್ಷಿ ಹೇಳಿದ ಮೇಲೆ ಪರಿಹಾರ ಸಿಕ್ಕಿತು. ಆದರೆ ಅವರು ಅಷ್ಟರಲ್ಲಿ ಊರು ಬಿಟ್ಟಿದ್ದರು. ಹುಡುಕಲು ಹನ್ನೊಂದು ತಿಂಗಳು ಹಿಡಿಯಿತು. ಅಷ್ಟೂ ದಿನ ಆ ಹುಡುಗ ಸಾಲ ಮಾಡಿ ಫಿಸಿಯೋಥೆರಪಿಗೆ ಹೋದ.

ಈಗಾಗಲೇ ನೋಡಿದವರ ಹಾಗೆ ಬರೆದುಕೊಟ್ಟಿದ್ದೀರಾ? ಅದನ್ನು ಉಳಿಸಿಕೊಳ್ಳಲು ಇನ್ನೊಂದು ಕಥೆ ಸೇರಿಸಬೇಡಿ. ದೋಷಾರೋಪಣೆ ಪಟ್ಟಿ ಕೋರ್ಟಿಗೆ ಹೋಗುವ ಮೊದಲೇ ತನಿಖಾಧಿಕಾರಿಯ ಹತ್ತಿರ ಹೋಗಿ, ಯಾರು ಹೇಳಿದ್ದು ಅಂತ ಮರುಹೇಳಿಕೆ ಕೊಡಿ. ಹೋಗುವ ಮುಂಚೆ ನಿಮ್ಮ ವಕೀಲರಿಗೆ ಹಳೆಯ ದೂರಿನ ಪ್ರತಿ ತೋರಿಸಿ.