ಒಡವೆ ಫೋಟೊಗೆ ಅಂಕ ಹಾಕುವುದು: ನಾನು ಎಡವಿದ ಜಾಗ

ಅಕ್ಕನ ಮದುವೆಗೆ ಲಕ್ಷ್ಮಿ ಹಾರ ಮಾಡಿಸಬೇಕಿತ್ತು. ಮೊಬೈಲಿನಲ್ಲಿ ನಲವತ್ತಕ್ಕೂ ಜಾಸ್ತಿ ಡಿಸೈನ್ ಫೋಟೊ ಸೇರಿದ್ದವು. ಕೊನೆಗೆ ಮೂರು ಉಳಿದವು. ಅವಕ್ಕೆ ಅ, ಆ, ಇ ಅಂತ ಹೆಸರಿಟ್ಟೆ. ಕೆಲಸದ ಸೂಕ್ಷ್ಮಕ್ಕೆ 10, ತೊಡಲು ಹಿತವಾಗಿದೆಯಾ ಅನ್ನುವುದಕ್ಕೆ 10, ಬೆಳಕಿಗೆ 10.

ಅ: 9, 6, 9. ಒಟ್ಟು 24.
ಆ: 7, 8, 5. ಒಟ್ಟು 20.
ಇ: 8, 4, 7. ಒಟ್ಟು 19.

‘ಅ’ ಗೆದ್ದಿತು. ಕಪ್ಪು ಮಖಮಲ್ಲಿನ ಮೇಲೆ ಒಂದೇ ದೀಪದ ಬೆಳಕಿನಲ್ಲಿ ತೆಗೆದ ಫೋಟೊ ಅದು. ಕಿಟಕಿ ಪಕ್ಕ ಸಾದಾ ಹಗಲಿನಲ್ಲಿ ತೆಗೆದ ‘ಆ’ ಅದರ ಮುಂದೆ ಮಂಕಾಗಿತ್ತು. ತಪ್ಪಾಗಿದ್ದು ಇಲ್ಲೇ. ನಾನು ಬೆಳಕಿಗೆ ಅಂಕ ಕೊಟ್ಟಿದ್ದು ಚೆಂದಕ್ಕೆ. ಬೆಳಕು ಒಡವೆಯ ಗುಣ ಅಲ್ಲ, ಫೋಟೊದ ಗುಣ. ಮೊದಲನೇ ಅಂಕವನ್ನು ಎಷ್ಟು ನಂಬಬಹುದು ಅಂತ ಹೇಳುವುದಷ್ಟೇ ಅದರ ಕೆಲಸ. ಹಾಗಾಗಿ ಅದನ್ನು ಕೂಡಬಾರದು, ಸೂಕ್ಷ್ಮದ ಅಂಕಕ್ಕೆ ಗುಣಿಸಬೇಕು.

ಎಷ್ಟರಿಂದ ಗುಣಿಸುವುದು? ಇದಕ್ಕೆ ನನಗೆ ಎರಡು ದಿನ ಹಿಡಿಯಿತು. ನಕಾಶಿ ಕೆಲಸ ಆಳವಾಗಿದ್ದರೆ ಸಂದುಗಳು ಕಪ್ಪಗೆ ಕಾಣುತ್ತವೆ, ಅಲ್ವಾ? ಆದರೆ ಆ್ಯಂಟಿಕ್ ಪಾಲಿಶ್ ಮಾಡುವಾಗ ಸಂದುಗಳನ್ನು ಬೇಕಂತಲೇ ಕಪ್ಪು ಮಾಡಿರುತ್ತಾರೆ. ಅಚ್ಚಿನಲ್ಲಿ ಒತ್ತಿದ ತೆಳು ಪದಕವೂ ಆಗ ಕೈಯಲ್ಲಿ ಕೊರೆದಷ್ಟು ಆಳವಾಗಿ ಕಾಣುತ್ತದೆ. ಫೋಟೊದಲ್ಲಿ ನೆರಳು ಯಾವುದು, ಪಾಲಿಶ್ ಯಾವುದು?

ಮೊದಲು ಹಾರದ ಗುಂಡುಗಳನ್ನು ಜೂಮ್ ಮಾಡಿ ನೋಡಿ. ಪ್ರತಿ ಗುಂಡಿನ ಮೇಲೂ ಒಂದು ಹೊಳೆಯುವ ಚುಕ್ಕಿ ಇದ್ದರೆ ದೀಪ ಒಂದೇ. ಎರಡು ಚುಕ್ಕಿ ಇದ್ದರೆ ಎರಡು ದೀಪ. ಚುಕ್ಕಿಯ ಬದಲು ಅಗಲವಾದ ಬಿಳಿ ಪಟ್ಟೆ ಇದ್ದರೆ ಬಿಳಿ ಪೆಟ್ಟಿಗೆಯೊಳಗೆ ಇಟ್ಟು ತೆಗೆದದ್ದು. ಈಗ ಚುಕ್ಕಿ ಎಡಕ್ಕಿದೆ ಅಂದುಕೊಳ್ಳಿ. ದೀಪ ಎಡಗಡೆ ಇದೆ, ನೆರಳು ಬಲಕ್ಕೆ ಬೀಳಬೇಕು. ಲಕ್ಷ್ಮಿಯ ಮೂಗು, ತೋಳು, ಕಮಲದ ದಳ, ಎಲ್ಲದರ ಬಲಗಡೆ ಮಾತ್ರ ಕಪ್ಪಿದ್ದರೆ ಅದು ನಿಜವಾದ ಉಬ್ಬಿನ ನೆರಳು. ಎರಡೂ ಕಡೆ ಒಂದೇ ಸಮ ಕಪ್ಪಿದ್ದರೆ ಅದು ಪಾಲಿಶ್. ನಾನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡಿದ್ದು ಇಷ್ಟೇ: ನೆರಳು ಒಂದು ಕಡೆ, ಮಸಿ ಎರಡೂ ಕಡೆ.

ಎರಡು ದೀಪ ಇದ್ದರೆ ಈ ಉಪಾಯ ನಡೆಯುವುದಿಲ್ಲ, ನೆರಳೂ ಎರಡೂ ಕಡೆ ಬೀಳುತ್ತದೆ. ಪೆಟ್ಟಿಗೆಯ ಬೆಳಕಿನಲ್ಲಿ ನೆರಳೇ ಇರುವುದಿಲ್ಲ. ಒಳ್ಳೆಯ ಕೆಲಸವೂ ಅಲ್ಲಿ ಚಪ್ಪಟೆಯಾಗಿ ಕಾಣುತ್ತದೆ, ಬೆಸುಗೆಯ ಗುರುತೂ ಮಾಯವಾಗುತ್ತದೆ. ‘ಇ’ ಅಂಥದೇ ಫೋಟೊ, ಅದಕ್ಕೆ 0.7 ಕೊಟ್ಟೆ. ಸ್ಪಾಟ್ ದೀಪದಲ್ಲಿ ಹೊಳಪು ಬಿಳಿಚಿ ಹೋಗಿ, ಉಳಿದದ್ದು ಕತ್ತಲಲ್ಲಿ ಮುಳುಗಿದ್ದರೆ 0.5. ಕಿಟಕಿಯ ಪಕ್ಕದ ಓರೆ ಬೆಳಕಿಗೆ 1.

ಈಗ ಮತ್ತೆ ಲೆಕ್ಕ. ‘ಅ’ 9×0.5+6 = 10.5. ‘ಆ’ 7×1+8 = 15. ‘ಇ’ 8×0.7+4 = 9.6.

‘ಆ’ ಮೇಲೆ ಬಂತು. ಆದರೆ ಕಡಿಮೆ ಅಂಕ ಬಂದದ್ದು ಕೆಟ್ಟ ಒಡವೆ ಅಂತಲ್ಲ, ಇನ್ನೂ ನೋಡಿಲ್ಲ ಅಂತ ಅರ್ಥ. ಒಡವೆಯನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ತಿರುಗಿಸುವ ವಿಡಿಯೊ ಕಳಿಸಿ ಅಂತ ಅಂಗಡಿಯವರನ್ನು ಕೇಳಿದೆ. ತಿರುಗಿಸಿದಾಗ ನೆರಳು ಜಾಗ ಬದಲಿಸುತ್ತದೆ, ಮಸಿ ಅಲ್ಲೇ ಇರುತ್ತದೆ. ‘ಅ’ದಲ್ಲಿ ಕಪ್ಪು ಕದಲಲೇ ಇಲ್ಲ. ಸಾಲದ್ದಕ್ಕೆ ಅದರ ಲಕ್ಷ್ಮಿಗಳೆಲ್ಲ ಒಂದೇ ಪಡಿಯಚ್ಚು. ಬಲಗೈ ಹತ್ತಿರದ ಒಂದು ಸಣ್ಣ ಗೀರು ಕೂಡ ಎಲ್ಲದರಲ್ಲೂ ಇತ್ತು. ಕೈಕೆಲಸದಲ್ಲಿ ಒಂದು ಮುಖ ಇನ್ನೊಂದರಂತೆ ಇರುವುದಿಲ್ಲ. ಅದರ 9 ಈಗ 5 ಆಯಿತು, ಒಟ್ಟು 11. ‘ಇ’ದ ಕೆಲಸ ನಿಜಕ್ಕೂ ಆಳ ಇತ್ತು. ಅದರ 8 ಪೂರ್ತಿ ಉಳಿದು ಒಟ್ಟು 12, ಎರಡನೇ ಸ್ಥಾನ.

‘ಇ’ಗೆ ತೊಡುವುದರಲ್ಲಿ 4 ಯಾಕೆ? ಪದಕಗಳ ನಡುವೆ ಸಂದೇ ಇರಲಿಲ್ಲ. ಬೊಂಬೆಯ ಕತ್ತಿನ ಮೇಲೆ ಚೆನ್ನಾಗಿ ಕೂತಿದೆ, ಬೊಂಬೆ ಬಗ್ಗುವುದಿಲ್ಲವಲ್ಲ! ಧಾರೆಯ ದಿನ ಅಕ್ಕ ಹತ್ತು ಸಲ ಕಾಲಿಗೆ ಬೀಳಬೇಕು. ಕೊಂಡಿ ಸಡಿಲ ಇಲ್ಲದ ಹಾರ ಬಗ್ಗಿದಾಗ ಹಲಗೆಯಂತೆ ಎದ್ದು ನಿಲ್ಲುತ್ತದೆ. ಅಂಚಿನ ಚೂಪು ದಳಗಳು ಸೀರೆಯ ಜರಿ ಎಳೆಯುತ್ತವೆ. ಇದಕ್ಕೆ ಮುಂಭಾಗಕ್ಕಿಂತ ಹಿಂಭಾಗದ ಫೋಟೊ ಮುಖ್ಯ, ಅದನ್ನು ಕೇಳದೆ ಅಂಕ ಹಾಕಬೇಡಿ.

ಚಿನ್ನ ಎಷ್ಟು ಶುದ್ಧ ಅನ್ನುವುದು ಯಾವ ಫೋಟೊದಲ್ಲೂ ಗೊತ್ತಾಗುವುದಿಲ್ಲ. ಹಳದಿ ದೀಪದಲ್ಲಿ ಗಿಲೀಟೂ ಚಿನ್ನವೇ. ಅದಕ್ಕೆ ಹಾಲ್‌ಮಾರ್ಕು, 6 ಅಕ್ಷರ-ಅಂಕಿಗಳ ಎಚ್‌ಯುಐಡಿ ನೋಡಬೇಕು.

‘ಆ’ ಮಾಡಿಸಲು ಕೊಟ್ಟಿದ್ದೇವೆ. ಮದುವೆಯಲ್ಲಿ ಹೂಮಾಲೆ ಬದಲಾಯಿಸಿದ ಮೇಲೆ ಒಡವೆ ಹೂವಿನ ಕೆಳಗೆ ಅರ್ಧ ಮುಚ್ಚಿಹೋಗುತ್ತದೆ ಅಂತ ಅಮ್ಮ ಆಮೇಲೆ ಹೇಳಿದರು. ಅದಕ್ಕೂ ಒಂದು ಅಂಕ ಇಡಬೇಕಿತ್ತು.